ಭಾನುವಾರದ ಉಪನ್ಯಾಸದ ಸಾರ: ಬೋರ್ಡೋ ಸಿಂಪಡಿಸಿದರೂ ಕೊಳೆ ಬರುವುದೇಕೆ?

ಆತ್ಮೀಯ ಸದಸ್ಯರೇ,

ಭಾನುವಾರದ ವಾರ್ಷಿಕ ಸಭೆಗೆ ಬರಲಾಗದವರು ಮುಖ್ಯ ಅತಿಥಿಗಳು ಏನು ಹೇಳಿದರೆಂದು ಫೋನಿನಲ್ಲಿ ಕೇಳುತ್ತಿದ್ದೀರಿ. ಸಸ್ಯರೋಗ ತಜ್ಞರಾದ ಅವರು ಎರಡು ಗಂಟೆ ಮಾತಾಡಿದರು. ಫ್ರಾನ್ಸಿನ ದ್ರಾಕ್ಷಿ ತೋಟದಿಂದ ಹೊರಟು, ಮೈಸೂರು ಸಂಸ್ಥಾನದ ಕೋಲ್ಮನ್ ಸಾಹೇಬರು 1910ರಲ್ಲಿ ಅಡಿಕೆ ಕೊಳೆರೋಗದ ಬಗ್ಗೆ ಬರೆದದ್ದರವರೆಗಿನ ಕಥೆಗೇ ಅರ್ಧ ಗಂಟೆ ಹೋಯಿತು. ಅದು ಚೆನ್ನಾಗಿತ್ತು, ಆದರೆ ತೋಟಕ್ಕೆ ಬೇಕಾದದ್ದು ಆಮೇಲೆ ಬಂತು.

ಅವರ ಮುಖ್ಯ ಮಾತು ಇದು: ಔಷಧಿ ಸೋಲುವುದು ಹೆಚ್ಚಾಗಿ ಮರದ ಮೇಲಲ್ಲ, ಡ್ರಮ್ಮಿನಲ್ಲಿ.

ಶೇ. 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರು, 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಮೈಲುತುತ್ತವನ್ನು 50 ಲೀಟರಿನಲ್ಲಿ, ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಬೇರೆಬೇರೆ ಕದಡಬೇಕು. ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು, ಕಬ್ಬಿಣದ್ದನ್ನು ತುತ್ತ ತಿನ್ನುತ್ತದೆ. ತುತ್ತದ ಹರಳನ್ನು ತಳಕ್ಕೆ ಸುರಿದರೆ ಗಂಟೆಗಟ್ಟಲೆ ಕರಗುವುದಿಲ್ಲ. ಬಟ್ಟೆಯಲ್ಲಿ ಕಟ್ಟಿ ನೀರಿನ ಮೇಲ್ಮಟ್ಟದಲ್ಲಿ ಮುಳುಗುವಂತೆ ರಾತ್ರಿಯೇ ತೂಗುಬಿಡಿ. ಕರಗಿದ ದ್ರಾವಣ ಭಾರವಾಗಿ ಕೆಳಗಿಳಿಯುತ್ತದೆ, ಹರಳಿಗೆ ಸದಾ ತಿಳಿನೀರು ಸಿಗುತ್ತದೆ. ಸುಣ್ಣದ ನೀರನ್ನು ಸೋಸಿಕೊಳ್ಳಿ, ಇಲ್ಲದಿದ್ದರೆ ನಾಜಲ್ ಕಟ್ಟುತ್ತದೆ.

ಆಮೇಲೆ ತುತ್ತದ ನೀರನ್ನು ಸುಣ್ಣದ ನೀರಿಗೆ, ಕಲಕುತ್ತಲೇ, ನಿಧಾನವಾಗಿ ಹೊಯ್ಯಬೇಕು. ಉಲ್ಟಾ ಮಾಡಿದರೆ ಕಣ ದಪ್ಪವಾಗಿ ತಳಕ್ಕಿಳಿಯುತ್ತದೆ, ಕಾಯಿಗೆ ಹಿಡಿಯುವುದಿಲ್ಲ. ಎರಡೂ ತಣ್ಣಗಿರಲಿ, ಸುಣ್ಣ ಬಿಸಿಯಿದ್ದಾಗ ಬೆರೆಸಬೇಡಿ.

ಚಾಕು ಪರೀಕ್ಷೆ ಬಿಡಬೇಡಿ ಎಂದು ಮೂರು ಸಲ ಹೇಳಿದರು. ಉಜ್ಜಿ ಹೊಳೆಯುವ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ಲೇಪ ಕಂಡರೆ ಹುಳಿ ಉಳಿದಿದೆ, ಎಳೆ ಕಾಯಿ ಸುಡುತ್ತದೆ. ಲೇಪ ಬಾರದಾಗುವವರೆಗೂ ಸುಣ್ಣದ ನೀರು ಸೇರಿಸಿ. ಚೀಲ ಬಿಚ್ಚಿ ಬಹಳ ದಿನ ಗಾಳಿಗಿಟ್ಟ ಸುಣ್ಣ ಸತ್ವ ಕಳೆದುಕೊಂಡಿರುತ್ತದೆ, ಅದಕ್ಕೇ ತೂಕ ಸರಿಯಿದ್ದರೂ ಚಾಕು ಕೆಂಪಾಗುವುದು. ಬೆರೆಸಿದ್ದನ್ನು ಅದೇ ದಿನ ಮುಗಿಸಿ.

ಮೊದಲ ಸಿಂಪಡಣೆ ಮಳೆ ಹಿಡಿಯುವ ಮುಂಚೆ, ಎರಡನೆಯದು 40ರಿಂದ 45 ದಿನಕ್ಕೆ. ಮಳೆ ಬಿಡದಿದ್ದರೆ ಮೂರನೆಯದೂ ಬೇಕಾದೀತು. ತುತ್ತದ ತಾಮ್ರವು ರೋಗವನ್ನು ತಡೆಯುತ್ತದೆಯೇ ಹೊರತು ಕೊಳೆತ ಕಾಯಿಯನ್ನು ಉಳಿಸುವುದಿಲ್ಲ. ಗೊನೆಯ ಒಳಮಗ್ಗುಲು ಒದ್ದೆಯಾಗದಿದ್ದರೆ ರೋಗ ಅಲ್ಲಿಂದಲೇ ಶುರು. ಉದುರಿದ ಕೊಳೆಯಡಿಕೆಯನ್ನು ಹೆಕ್ಕಿ ತೋಟದಿಂದ ಹೊರಹಾಕಿ, ಬಸಿಗಾಲುವೆ ಬಿಡಿಸಿಕೊಳ್ಳಿ. ಕೊಟ್ಟೆ ಕಟ್ಟುವುದೂ ಒಳ್ಳೆಯದೇ ಎಂದರು. ಕೊನೆಗೌಡರು ಎಲ್ಲಿ ಸಿಗುತ್ತಾರೆಂಬ ಪ್ರಶ್ನೆಗೆ ಅವರೂ ನಕ್ಕು ಸುಮ್ಮನಾದರು.

ಮೈಲುತುತ್ತ ಬೇಕಾದವರು ಮೇ 20ರೊಳಗೆ ಸಂಘದ ಕಚೇರಿಯಲ್ಲಿ ಹೆಸರು, ಕೆಜಿ ಬರೆಸಿ. ಸುಣ್ಣವನ್ನು ಈ ವರ್ಷ ಸಂಘ ತರಿಸುವುದಿಲ್ಲ, ಸಿಂಪಡಿಸುವ ವಾರವೇ ಹೊಸದಾಗಿ ಕೊಳ್ಳುವುದು ಮೇಲು.

ಕಾರ್ಯದರ್ಶಿ