ಅವ್ವ, ಮಗ ಇಬ್ಬರೂ ಜೊತೆಗೇ ಬನ್ನಿ (ದಾವಣಗೆರೆ ಕಿವಿ ತಪಾಸಣಾ ಕೇಂದ್ರದ ರೇಡಿಯೊ ಜಾಹೀರಾತು)

(ಮನೆಯೊಳಗೆ ಟಿವಿ ಜೋರಾಗಿದೆ.)

ಮಗ: ಅವ್ವಾ, ನಾಳೆ ಹರಿಹರದ ಮದುವೆಗೆ ಬರ್ತೀಯಲ್ಲ?

ಅವ್ವ: ಬ್ಯಾಡಪ್ಪ, ನೀವು ಹೋಗಿ ಬರ್ರಿ.

ಮಗ: ಯಾಕವ್ವ? ನಿನ್ನ ತಂಗಿ ಮೊಮ್ಮಗಳ ಮದುವೆ!

ಅವ್ವ: ನಾಲ್ಕು ಜನ ಸೇರಿ ಮಾತಾಡಿದ್ರೆ ನನಗೇನೂ ತಿಳಿಯಂಗಿಲ್ಲ. ಎಲ್ಲರೂ ನಕ್ಕಾಗ ನಾನೂ ಸುಮ್ನೆ ನಗಬೇಕು. ಸಾಕಾಗೇತಿ.

ಮಗ (ಕೂಗಿ): ಅದಕ್ಕೇ ಕಿವಿ ತೋರಿಸೋಣ ಅನ್ನೋದು!

ಅವ್ವ: ಒದರಬ್ಯಾಡ! ದನಿ ಕೇಳ್ತೈತಿ. ಏನಂದಿ ಅಂತ ತಿಳಿಯಂಗಿಲ್ಲ, ಅಷ್ಟೇ.

(ಟಿವಿ ಸದ್ದು ನಿಲ್ಲುತ್ತದೆ.)

ಕಿವಿ ಪರೀಕ್ಷೆ ಮಾಡುವ ತಜ್ಞೆ: ಅವ್ವ ಹೇಳಿದ್ದು ಸರಿಯಾಗಿದೆ. ವಯಸ್ಸಾದಂತೆ ಸಾಮಾನ್ಯವಾಗಿ ಮೊದಲು ತಪ್ಪುವುದು ತೆಳುವಾದ, ಮೇಲಿನ ಶ್ರುತಿಯ ಸದ್ದುಗಳು. ಸ, ಶ, ಫ, ತ ಇಂಥ ಅಕ್ಷರಗಳು. ಮಾತು ಕಿವಿಗೆ ಬೀಳುತ್ತದೆ, ಅಕ್ಷರ ಬೀಳುವುದಿಲ್ಲ. ತಮ್ಮಾ, ನೀವು ಎಷ್ಟು ಕೂಗಿದರೂ ಆ ಅಕ್ಷರ ಬಿಡಿಸಿ ಕೇಳುವುದಿಲ್ಲ, ಅವ್ವನಿಗೆ ಬೈದಂತೆ ಕೇಳುತ್ತದೆ. ಟಿವಿ ಆರಿಸಿ, ಮುಖ ಕಾಣುವಂತೆ ಎದುರಿಗೆ ಕೂತು, ನಿಧಾನವಾಗಿ ಮಾತಾಡಿ. ಇದನ್ನು ಇವತ್ತೇ ಶುರು ಮಾಡಬಹುದು.

ಅವ್ವಾ, ಪರೀಕ್ಷೆಗೆ ಹೆದರಬೇಡಿ. ಸದ್ದಿಲ್ಲದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಕೂರಿಸುತ್ತೇವೆ. ಬೀಪ್ ಕೇಳಿದಾಗ ಬೆರಳೆತ್ತಿದರೆ ಆಯಿತು. ಕೆಲವರಿಗೆ ಬರೀ ಗುಗ್ಗೆ ಕಟ್ಟಿರುತ್ತದೆ. ಅದನ್ನು ಡಾಕ್ಟರ್ ಹತ್ತಿರ ತೆಗೆಸಿದರೆ ಸಾಕು. ಅಂಥವರಿಗೆ ನಾವು ಕಿವಿಗೆ ಹಾಕುವ ಮಿಷನ್ ಮಾರುವುದಿಲ್ಲ.

ಅವ್ವ: ಮಿಷನ್ ಹಾಕ್ಕಂಡವರು ಬರೀ ಗದ್ದಲ ಅಂತಾರಲ್ಲವ್ವ?

ತಜ್ಞೆ: ಮೊದಲ ಕೆಲವು ವಾರ ಹಾಗೇ ಅನಿಸುತ್ತದೆ. ಪಾತ್ರೆ ಸದ್ದು, ಫ್ಯಾನ್ ಸದ್ದು, ನಿಮ್ಮ ದನಿಯೇ ನಿಮಗೆ ಜೋರು. ಬಹಳ ದಿನ ಕೇಳದ ಸದ್ದು ಒಮ್ಮೆಲೇ ಬಂದರೆ ತಲೆಗೆ ರೂಢಿಯಾಗಲು ಹೊತ್ತು ಬೇಕು. ಈ ಹೊತ್ತಿನಲ್ಲೇ ಎಷ್ಟೋ ಜನ ಬಿಚ್ಚಿ ಅಲ್ಮೇರಾದಲ್ಲಿ ಇಟ್ಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ದಿನಕ್ಕೆ ಸ್ವಲ್ಪ ಹೊತ್ತು, ಮನೆಯವರ ಜೊತೆ ಮಾತಾಡುವಾಗ ಹಾಕಿಕೊಳ್ಳಿ. ಆಮೇಲೆ ನಮ್ಮ ಹತ್ತಿರ ಬನ್ನಿ, ಕಿವಿಗೆ ತಕ್ಕಂತೆ ಸದ್ದು ಹೊಂದಿಸುತ್ತೇವೆ. ಮಗ, ಸೊಸೆ, ಮಗಳು ಯಾರಾದರೂ ಜೊತೆಗಿರಲಿ. ಸೆಲ್ ಬದಲಿಸುವುದು, ಒರೆಸಿಡುವುದು ಅವರಿಗೂ ಗೊತ್ತಿರಬೇಕು. ಯಾರ ಮಾತು ದಿನಾ ಕೇಳಬೇಕೋ ಅವರ ದನಿಯಲ್ಲೇ ಪರೀಕ್ಷಿಸಿ ನೋಡುವುದು ಒಳ್ಳೆಯದು, ಅಲ್ವಾ?

ಮಗ: ದುಡ್ಡು ಎಷ್ಟಾಗುತ್ತದೆ ಮೇಡಂ?

ತಜ್ಞೆ: ಪರೀಕ್ಷೆ ಆದ ಮೇಲೆ ನಿಮ್ಮ ಕಿವಿಗೆ ಆಗುವ ಮಿಷನ್‌ಗಳನ್ನೂ ಬೆಲೆಗಳನ್ನೂ ಬರೆದು ಕೊಡುತ್ತೇವೆ. ಮನೆಗೆ ಹೋಗಿ ಇಬ್ಬರೂ ಮಾತಾಡಿಕೊಂಡು ಬನ್ನಿ, ಅವಸರ ಇಲ್ಲ. ಒಂದಕ್ಕೆ ಮಾತ್ರ ಅವಸರ ಬೇಕು. ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ ನಮ್ಮ ಹತ್ತಿರ ಬರಬೇಡಿ. ಅದೇ ದಿನ ಕಿವಿ, ಮೂಗು, ಗಂಟಲಿನ ಡಾಕ್ಟರ್ ಹತ್ತಿರ ಹೋಗಿ.

ನಿರೂಪಕ: ಕಿವಿ ತಪಾಸಣಾ ಕೇಂದ್ರ, ಪಿ.ಜೆ. ಬಡಾವಣೆ, ದಾವಣಗೆರೆ. ಸೋಮವಾರದಿಂದ ಶನಿವಾರ, ಬೆಳಿಗ್ಗೆ 10ರಿಂದ ಸಂಜೆ 6. ನೆಲಮಹಡಿಯಲ್ಲೇ ಇದ್ದೇವೆ, ಮೆಟ್ಟಿಲು ಹತ್ತಬೇಕಾಗಿಲ್ಲ.