ಅನುವಾದ ಪರಿಶೀಲನೆ: ರಕ್ತದೊತ್ತಡದ ಮಾತ್ರೆಯ ಮಾಹಿತಿ ಚೀಟಿ (ಇಂಗ್ಲಿಷ್‌ನಿಂದ ಕನ್ನಡಕ್ಕೆ)

ನಿಖರತೆ: 5ಕ್ಕೆ 2

ಹೆಚ್ಚಿನ ವಾಕ್ಯಗಳು ಸರಿಯಾಗಿವೆ. ಆದರೆ ಒಂದು ತಪ್ಪು ತುಂಬಾ ಅಪಾಯದ್ದು. ವೈದ್ಯರು ಹೇಳದೆ ಮಾತ್ರೆ ನಿಲ್ಲಿಸಬಾರದು ಅನ್ನುವುದು ಮೂಲದ ಮಾತು. ಅನುವಾದದಲ್ಲಿ ‘ವೈದ್ಯರು ಹೇಳಿದರೆ ಮಾತ್ರೆ ನಿಲ್ಲಿಸಬೇಡಿ’ ಎಂದಾಗಿದೆ. ಅರ್ಥವೇ ತಿರುಗುಮುರುಗು! ‘ಅನ್‌ಲೆಸ್’ ಅನ್ನು ‘ಇಫ್’ ಅಂತ ಓದಿಕೊಂಡಂತಿದೆ. ಹೀಗೆ ತಿದ್ದಿ: ‘ವೈದ್ಯರು ಹೇಳುವವರೆಗೂ ಮಾತ್ರೆ ನಿಲ್ಲಿಸಬೇಡಿ.’ ಮರೆತ ಡೋಸ್‌ಗೆ ಬದಲಾಗಿ ಒಟ್ಟಿಗೆ ಎರಡು ಮಾತ್ರೆ ನುಂಗಬಾರದು ಅನ್ನುವ ಸಾಲೂ ಬಿಟ್ಟುಹೋಗಿದೆ. ಬೇರೆ ಬರಹವಾಗಿದ್ದರೆ 3 ಕೊಡುತ್ತಿದ್ದೆ. ಇದು ಔಷಧದ ಚೀಟಿ, ಅದಕ್ಕೇ ಬಿಗಿ ಜಾಸ್ತಿ.

ಸರಾಗತೆ: 5ಕ್ಕೆ 3

‘ಮಾತ್ರೆಯು ನಿಮ್ಮಿಂದ ನೀರಿನೊಂದಿಗೆ ತೆಗೆದುಕೊಳ್ಳಲ್ಪಡಬೇಕು’ ಅಂತ ಯಾರೂ ಮಾತಾಡುವುದಿಲ್ಲ ಅಲ್ವಾ? ‘ಮಾತ್ರೆಯನ್ನು ನೀರಿನ ಜೊತೆ ನುಂಗಿ’ ಸಾಕು. ಇಂಥ ‘ಲ್ಪಡು’ಗಳು ಮೊದಲ ಪುಟದಲ್ಲೇ ತುಂಬಿವೆ. ಮಾತ್ರೆ ಇಡುವ ಜಾಗದ ಬಗ್ಗೆ ಇರುವ ಕೊನೆಯ ಭಾಗ ಮಾತ್ರ ಚೆನ್ನಾಗಿದೆ. ಚಿಕ್ಕ ವಾಕ್ಯ, ಒಂದೇ ಓದಿಗೆ ಅರ್ಥ. ಅದೇ ಕೈ ಉಳಿದ ಕಡೆಯೂ ಓಡಲಿ.

ಪಾರಿಭಾಷಿಕ ಪದಗಳು: 5ಕ್ಕೆ 4

‘ರಕ್ತದೊತ್ತಡ’, ‘ತಲೆಸುತ್ತು’, ‘ಮೂತ್ರಪಿಂಡ’ ಎಲ್ಲಾ ಸರಿ. ‘ಪಕ್ಕದ ಪರಿಣಾಮ’ ಬೇಡ, ಜನ ಬಳಸುವುದು ‘ಅಡ್ಡ ಪರಿಣಾಮ’. ಒಂದು ಕಡೆ ‘ಡೋಸ್’, ಇನ್ನೊಂದು ಕಡೆ ‘ಪ್ರಮಾಣ’ ಇದೆ. ಯಾವುದಾದರೂ ಒಂದನ್ನೇ ಇಟ್ಟುಕೊಳ್ಳಿ. ನನ್ನ ಆಯ್ಕೆ ‘ಡೋಸ್’.

ಒಟ್ಟು: 15ಕ್ಕೆ 9. ಈಗಿನ ರೂಪದಲ್ಲಿ ಮುದ್ರಣಕ್ಕೆ ಕಳಿಸಬೇಡಿ. ನಿಖರತೆಯ ಎರಡೂ ತಪ್ಪು ತಿದ್ದಿದ ಮೇಲೆ ಇನ್ನೊಮ್ಮೆ ನೋಡುತ್ತೇನೆ.