ಡೈ ಕಾಸ್ಟ್ ಹೌಸಿಂಗ್ ವೆಂಡರ್: 2020ರಿಂದ 2024ರವರೆಗಿನ ಸ್ಕೋರ್‌ಕಾರ್ಡ್‌ಗಳ ಸಾರಾಂಶ

ಯಾರಿಗೆ: ಖರೀದಿ ವಿಭಾಗದ ಮುಖ್ಯಸ್ಥರಿಗೆ, ಪ್ರತಿಗಳು ಇನ್‌ವರ್ಡ್ ಕ್ವಾಲಿಟಿ, ಅಸೆಂಬ್ಲಿ ಮತ್ತು ಸ್ಟೋರ್ಸ್‌ಗೆ
ಯಾರಿಂದ: ಸಪ್ಲೈಯರ್ ಕ್ವಾಲಿಟಿ
ಯಾಕೆ: ಮೂರು ವರ್ಷದ ಕಾಂಟ್ರಾಕ್ಟ್ ನವೀಕರಿಸುವ ಮುನ್ನ ಓದಲು

ಮೊದಲು ತೀರ್ಮಾನ ಹೇಳಿಬಿಡುತ್ತೇನೆ. ಕಾರ್ಡಿನ ಒಟ್ಟು ಅಂಕ ಐದು ವರ್ಷದಲ್ಲಿ 76ರಿಂದ 89ಕ್ಕೆ ಏರಿದೆ. ಗ್ರೇಡ್ ಬಿ ಇದ್ದದ್ದು ಎ ಆಗಿದೆ. ಅದನ್ನು ನೋಡಿ ಮೂರು ವರ್ಷಕ್ಕೆ ಸಹಿ ಹಾಕಬೇಡಿ. ಕ್ವಾಲಿಟಿ ನಿಜವಾಗಿ ಸುಧಾರಿಸಿದೆ, ಆದರೆ ಆ ಸುಧಾರಣೆ 2023ಕ್ಕೇ ನಿಂತಿದೆ. ಡೆಲಿವರಿಯಲ್ಲಿ ಕಾಣುವ ಏರಿಕೆಯಲ್ಲಿ ಹೆಚ್ಚಿನ ಪಾಲು ನಾವು ಅಳತೆ ಬದಲಿಸಿದ್ದರಿಂದ ಬಂದದ್ದು. ನಮ್ಮ ದೂರುಗಳಿಗೆ ಸ್ಪಂದಿಸುವ ವೇಗವಂತೂ ಪ್ರತಿ ವರ್ಷ ಕುಸಿದಿದೆ. ಕಾರ್ಡಿನಲ್ಲಿ ಅದು ಎಲ್ಲೂ ಕಾಣುವುದಿಲ್ಲ. ಕಳೆದ ವರ್ಷ ಲೈನಿನಲ್ಲಿ ಅದರ ಪೆಟ್ಟು ಬಿದ್ದಿದೆ.

ಕೈಯಲ್ಲಿದ್ದದ್ದು 19 ತ್ರೈಮಾಸಿಕ ಕಾರ್ಡುಗಳು. 2020ರ ಏಪ್ರಿಲ್‌ನಿಂದ ಜೂನ್‌ವರೆಗೆ ಕೋವಿಡ್ ಕಾರಣ ಕಾರ್ಡ್ ಹೊರಡಿಸಿರಲಿಲ್ಲ. ಹಾಗಾಗಿ 2020ರ ಅಂಕಿಗಳೆಲ್ಲ ಒಂಬತ್ತು ತಿಂಗಳಿನವು. ಕಾರ್ಡುಗಳ ಜೊತೆಗೆ ಸ್ಟೋರ್ಸ್‌ನ ಜಿಆರ್‌ಎನ್, ಎನ್‌ಸಿಆರ್ ರಿಜಿಸ್ಟರ್ ಮತ್ತು ಲೈನ್ ರಿಜೆಕ್ಷನ್ ಶೀಟುಗಳನ್ನೂ ನೋಡಿದ್ದೇನೆ. ಕಾರ್ಡ್ ಹೇಳುವುದಕ್ಕೂ ರಿಜಿಸ್ಟರ್ ಹೇಳುವುದಕ್ಕೂ ವ್ಯತ್ಯಾಸ ಇರುವ ಕಡೆ ರಿಜಿಸ್ಟರನ್ನೇ ನಂಬಿದ್ದೇನೆ.

| ಅಳತೆ | 2020 | 2021 | 2022 | 2023 | 2024 |
|---|---|---|---|---|---|
| ಒಟ್ಟು ಅಂಕ, ಕಾರ್ಡಿನಂತೆ | 76 | 75 | 83 | 88 | 89 |
| ಸಮಯಕ್ಕೆ ಡೆಲಿವರಿ %, ಕಾರ್ಡಿನಂತೆ | 81 | 74 | 91 | 92 | 93 |
| ಸಮಯಕ್ಕೆ ಡೆಲಿವರಿ %, ಪಿಒ ದಿನಾಂಕಕ್ಕೆ | 81 | 74 | 80 | 84 | 83 |
| ಇನ್‌ವರ್ಡ್ ರಿಜೆಕ್ಷನ್, ಪಿಪಿಎಂ | 2100 | 1850 | 1200 | 540 | 380 |
| ಲೈನ್ ರಿಜೆಕ್ಷನ್, ಪಿಪಿಎಂ | 400 | 390 | 350 | 520 | 610 |
| ಎರಡೂ ಸೇರಿ, ಪಿಪಿಎಂ | 2500 | 2240 | 1550 | 1060 | 990 |
| ಎನ್‌ಸಿಆರ್‌ಗೆ 24 ಗಂಟೆಯೊಳಗೆ ಉತ್ತರ % | 90 | 88 | 79 | 66 | 58 |
| 8ಡಿ ಮುಗಿಯಲು ದಿನ (ಮೀಡಿಯನ್) | 14 | 16 | 21 | 27 | 34 |
| ಕೊಟೇಶನ್ ಬರಲು ದಿನ (ಮೀಡಿಯನ್) | 5 | 5 | 8 | 11 | 12 |

ಒಟ್ಟು ಅಂಕದ ಸಾಲನ್ನು ಒಂದೇ ಗೆರೆಯಾಗಿ ಓದಬೇಡಿ. 2022ರ ಜನವರಿಯಲ್ಲಿ ತೂಕ ಬದಲಾಯಿತು. ಅದಕ್ಕೆ ಮೊದಲು ಕ್ವಾಲಿಟಿ 50, ಡೆಲಿವರಿ 40, ಸ್ಪಂದನೆ 10. ಆಮೇಲೆ 40, 40, 20. ಡೆಲಿವರಿಯ ಅಳತೆಯೂ ಅದೇ ತಿಂಗಳು ಬದಲಾಯಿತು. ಹಳೆಯ ವರ್ಷಗಳಿಗೆ ಹೊಸ ತೂಕ ಹಾಕಿ ಇನ್ನೊಂದು ಒಟ್ಟು ಅಂಕ ಮಾಡಬಹುದಿತ್ತು. ಬೇಕೆಂದೇ ಮಾಡಿಲ್ಲ. ಒಂದೇ ಅಂಕಿ ಕೊಟ್ಟರೆ ಮೀಟಿಂಗಿನಲ್ಲಿ ಎಲ್ಲರೂ ಅದನ್ನೇ ಹಿಡಿದುಕೊಂಡು ಕೂರುತ್ತಾರೆ, ಅಲ್ವಾ?

ಡೆಲಿವರಿ

2021ರಲ್ಲಿ 74ಕ್ಕೆ ಇಳಿದದ್ದಕ್ಕೆ ಕಾರಣ ಗೊತ್ತಿರುವುದೇ. ಆ ವರ್ಷ ಎಲ್ಲ ಕಡೆ ಕಂಟೇನರ್ ಕೊರತೆ ಇತ್ತು. ಇವರು ಹೊರದೇಶದಿಂದ ತರಿಸುವ ಅಲ್ಯೂಮಿನಿಯಂ ಇಂಗಾಟ್ ತಡವಾಯಿತು. ಅದನ್ನು ವೆಂಡರ್ ತಪ್ಪು ಎನ್ನಲಾಗದು.

2022ರಲ್ಲಿ 91ಕ್ಕೆ ಜಿಗಿದದ್ದು ಬೇರೆಯೇ ಕಥೆ. ಅಲ್ಲಿಯವರೆಗೆ ನಮ್ಮ ಪಿಒದಲ್ಲಿರುವ ದಿನಾಂಕಕ್ಕೆ ಹೋಲಿಸಿ ಅಳೆಯುತ್ತಿದ್ದೆವು. ಪೋರ್ಟಲ್ ಬಂದ ಮೇಲೆ ವೆಂಡರ್ ಒಪ್ಪಿಕೊಂಡ ದಿನಾಂಕಕ್ಕೆ ಹೋಲಿಸಲು ಶುರು ಮಾಡಿದೆವು. ಇವರು ಒಪ್ಪಿಕೊಳ್ಳುವ ದಿನಾಂಕ ನಮ್ಮದಕ್ಕಿಂತ ಸರಾಸರಿ ಆರು ದಿನ ಮುಂದಿದೆ. ನಮ್ಮ ಬೈಯರ್ ಅದಕ್ಕೆ ಸುಮ್ನೆ ಓಕೆ ಒತ್ತುತ್ತಾರೆ. ತಾವೇ ಹಾಕಿಕೊಂಡ ದಿನಾಂಕಕ್ಕೆ ತಾವು ತಲುಪುವುದು ಕಷ್ಟವೇನಲ್ಲ. ಆದ್ದರಿಂದ ಜಿಆರ್‌ಎನ್ ತೆಗೆದು ಐದೂ ವರ್ಷಗಳನ್ನು ಪಿಒ ದಿನಾಂಕಕ್ಕೇ ಅಳೆದೆ. ಟೇಬಲಿನ ಮೂರನೇ ಸಾಲು ಅದು. 2021ರ ಪೆಟ್ಟಿನಿಂದ ಎದ್ದು ನಿಂತಿದ್ದಾರೆ, 2020ಕ್ಕಿಂತ ಕೊಂಚ ಮೇಲಿದ್ದಾರೆ, ಅಷ್ಟೇ.

ಇದರಲ್ಲಿ ನಮ್ಮ ಪಾಲೂ ಇದೆ. 2024ರಲ್ಲಿ ಬಂದ 420 ಪಿಒ ಲೈನುಗಳಲ್ಲಿ 71 ತಡ. ಆ 71ರಲ್ಲಿ 24 ಲೈನುಗಳ ದಿನಾಂಕವನ್ನು ನಾವೇ ನಾಲ್ಕು ವಾರದ ಲೀಡ್ ಟೈಮ್ ಒಳಗೆ ಹಿಂದಕ್ಕೆ ಎಳೆದಿದ್ದೆವು. ಅವನ್ನು ಲೆಕ್ಕದಿಂದಲೇ ತೆಗೆದರೆ 83 ಹೋಗಿ 88 ಆಗುತ್ತದೆ. 2023ರಲ್ಲಿ ಹಾಗೆ ಎಳೆದು ತಡವಾದ ಲೈನುಗಳು 12 ಮಾತ್ರ, ತೆಗೆದರೆ 84 ಹೋಗಿ 87. ಅಂದರೆ ವೆಂಡರ್ ಇದ್ದಲ್ಲೇ ಇದ್ದಾರೆ, ನಮ್ಮ ಪ್ಲಾನಿಂಗ್ ಅಲುಗಾಟ ಒಂದೇ ವರ್ಷದಲ್ಲಿ ಇಮ್ಮಡಿಯಾಗಿದೆ. ರಿವ್ಯೂನಲ್ಲಿ ಅವರು ಇದನ್ನು ಎತ್ತಿದರೆ ನಾವು ವಾದಿಸದಿರುವುದು ಒಳ್ಳೆಯದು.

ಡೆಲಿವರಿ ಟ್ರೆಂಡ್: ಸ್ಥಿರ. ಚಿಂತೆಗೆ ಕಾರಣವಿಲ್ಲ, ಹೊಗಳಿಕೆಗೂ ಇಲ್ಲ.

ಕ್ವಾಲಿಟಿ

ಇಲ್ಲಿ ವೆಂಡರ್‌ಗೆ ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ. 2020ರಲ್ಲಿ ರಿಜೆಕ್ಟ್ ಆದ ಪೀಸುಗಳಲ್ಲಿ ಬಹುಪಾಲು ಪೊರಾಸಿಟಿಯವು, ಲೀಕ್ ಟೆಸ್ಟಿನಲ್ಲಿ ಬಿದ್ದವು. 2022ರ ಕೊನೆಯಲ್ಲಿ ಇವರು ಡೈಗಳ ವೆಂಟಿಂಗ್ ಸರಿಪಡಿಸಿ, ತಮ್ಮಲ್ಲೇ ಲೀಕ್ ಟೆಸ್ಟ್ ಫಿಕ್ಸ್‌ಚರ್ ಹಾಕಿದರು. ಆಮೇಲೆ ಪೊರಾಸಿಟಿ ಎನ್‌ಸಿಆರ್ ಬರುವುದೇ ಅಪರೂಪವಾಯಿತು. ಇನ್‌ವರ್ಡ್ ಮತ್ತು ಲೈನ್ ಎರಡೂ ಸೇರಿಸಿದರೆ ಐದು ವರ್ಷದಲ್ಲಿ ರಿಜೆಕ್ಷನ್ 60 ಶೇಕಡಾ ಇಳಿದಿದೆ. ಇದು ಅಳತೆಯ ಆಟ ಅಲ್ಲ.

ಆದರೆ ಕಾರ್ಡಿನಲ್ಲಿರುವುದು ಇನ್‌ವರ್ಡ್ ಪಿಪಿಎಂ ಮಾತ್ರ. 2023ರ ಜನವರಿಯಿಂದ ಇವರ ಮಾಲನ್ನು ಸ್ಕಿಪ್ ಲಾಟ್‌ಗೆ ಹಾಕಿದೆವು. ಈಗ ಮೂರು ಲಾಟಿನಲ್ಲಿ ಒಂದನ್ನು ಮಾತ್ರ ಇನ್‌ವರ್ಡ್‌ನಲ್ಲಿ ನೋಡುತ್ತೇವೆ. ನೋಡುವುದು ಕಡಿಮೆಯಾದರೆ ಸಿಗುವುದೂ ಕಡಿಮೆ. 1200ರಿಂದ 540ಕ್ಕೆ ಇಳಿದದ್ದರಲ್ಲಿ ಒಂದು ಪಾಲು ಸುಧಾರಣೆ, ಇನ್ನೊಂದು ಪಾಲು ಇನ್‌ವರ್ಡ್ ದಾಟಿ ಲೈನಿಗೆ ಹೋದ ಪೀಸುಗಳು. ಲೈನ್ ರಿಜೆಕ್ಷನ್ 350ರಿಂದ 610ಕ್ಕೆ ಏರಿರುವುದು ಅದಕ್ಕೇ.

2023ರ 1060ಕ್ಕೂ 2024ರ 990ಕ್ಕೂ ಇರುವ ವ್ಯತ್ಯಾಸವನ್ನು ಸುಧಾರಣೆ ಎಂದು ಬರೆಯಬೇಡಿ. ಎರಡೂ ವರ್ಷ ಬಂದದ್ದು ಸುಮಾರು 60 ಸಾವಿರ ಪೀಸು. ಪೀಸಿನ ಲೆಕ್ಕದಲ್ಲಿ 64 ಮತ್ತು 59. ಐದು ಪೀಸಿನ ಅಂತರ ಯಾವ ತಿಂಗಳು ಬೇಕಾದರೂ ಆ ಕಡೆ ಈ ಕಡೆ ಆಗುತ್ತದೆ.

ದೋಷದ ಬಗೆಯೂ ಬದಲಾಗಿದೆ. 2024ರ ಆ 59ರಲ್ಲಿ 31 ಪೀಸು ಥ್ರೆಡ್ ಹಾಳಾದವು. ಕಾಸ್ಟಿಂಗ್ ಸರಿ ಹೋಯಿತು, ಮಷಿನಿಂಗ್ ತೊಂದರೆ ಕೊಡುತ್ತಿದೆ.

ಕ್ವಾಲಿಟಿ ಟ್ರೆಂಡ್: 2023ರವರೆಗೆ ಒಳ್ಳೆಯ ಸುಧಾರಣೆ, ನಂತರ ಸಮತಟ್ಟು.

ಸ್ಪಂದನೆ

ಕಾರ್ಡಿನಲ್ಲಿ ಸ್ಪಂದನೆಗೆ ಬೈಯರ್ ತಮ್ಮ ಅಭಿಪ್ರಾಯದಂತೆ ಅಂಕ ಕೊಡುತ್ತಾರೆ. ಐದು ವರ್ಷದಲ್ಲಿ ನೂರಕ್ಕೆ 80, 80, 75, 80, 80. ಷರಾ ಕಾಲಂನಲ್ಲಿ 19 ಕಾರ್ಡುಗಳ ಪೈಕಿ 11ರಲ್ಲಿ "ಸಹಕಾರ ಚೆನ್ನಾಗಿದೆ" ಎಂದೇ ಇದೆ, ಹಿಂದಿನದನ್ನು ಕಾಪಿ ಮಾಡಿದಂತೆ. ಬೈಯರ್ ಸುಳ್ಳು ಬರೆದಿಲ್ಲ. ಇವರು ಫೋನ್ ಎತ್ತುತ್ತಾರೆ, ಮರ್ಯಾದೆಯಿಂದ ಮಾತಾಡುತ್ತಾರೆ, ಅರ್ಜೆಂಟ್ ಎಂದರೆ ಗಾಡಿ ಕಳಿಸುತ್ತಾರೆ. ಮಾಲು ತರಿಸುವವರಿಗೆ ಬೇಕಾದದ್ದು ಅದೇ.

ದೂರು ಕೊಟ್ಟವರಿಗೆ ಸಿಗುವ ಅನುಭವ ಬೇರೆ. ಎನ್‌ಸಿಆರ್ ಹೋದ 24 ಗಂಟೆಯೊಳಗೆ "ದಾರಿಯಲ್ಲಿರುವ ಲಾಟು ಯಾವುದು, ಎಷ್ಟು ಪೀಸು ಸಂಶಯದ್ದು, ಈಗ ಏನು ತಡೆ ಹಾಕಿದ್ದೀರಿ" ಎಂಬುದಕ್ಕೆ ಲಿಖಿತ ಉತ್ತರ ಬರಬೇಕು. 2020ರಲ್ಲಿ 31 ಎನ್‌ಸಿಆರ್‌ಗಳಲ್ಲಿ 28ಕ್ಕೆ ಬಂದಿತ್ತು. 2024ರಲ್ಲಿ 26ರಲ್ಲಿ 15ಕ್ಕೆ. 8ಡಿ ಮುಗಿಯಲು ಒಪ್ಪಂದದ ಗಡುವು 30 ದಿನ. ಈಗ ಮೀಡಿಯನ್ನೇ 34. ಅಂದರೆ ಅರ್ಧಕ್ಕಿಂತ ಜಾಸ್ತಿ ವರದಿಗಳು ಗಡುವು ದಾಟುತ್ತಿವೆ. ಡ್ರಾಯಿಂಗ್ ಬದಲಾದಾಗ ಕೊಟೇಶನ್‌ಗೆ ಏಳು ದಿನದ ಗಡುವು, ಬರುವುದು ಹನ್ನೆರಡಕ್ಕೆ.

ಒಂದು ವರ್ಷವೂ ಮೇಲೆ ಬಾರದೆ, ಮೂರೂ ಅಳತೆ ಒಂದೇ ದಿಕ್ಕಿಗೆ ಜಾರಿವೆ. ಇಡೀ ಟೇಬಲಿನಲ್ಲಿ ಇಷ್ಟು ಸ್ಪಷ್ಟವಾದ ಟ್ರೆಂಡ್ ಇನ್ನೊಂದಿಲ್ಲ. 2022ರ ರಿವ್ಯೂ ಮಿನಿಟ್ಸ್‌ನಲ್ಲಿ ಕಾರಣದ ಸುಳಿವು ಸಿಗುತ್ತದೆ. ಎರಡನೇ ಶೆಡ್ ಶುರುವಾದಾಗ ಇಬ್ಬರಿದ್ದ ಕಸ್ಟಮರ್ ಕ್ವಾಲಿಟಿ ಡೆಸ್ಕಿನಿಂದ ಒಬ್ಬರನ್ನು ಅಲ್ಲಿಗೆ ಕಳಿಸಿದ್ದೇವೆ ಎಂದು ಅವರೇ ಹೇಳಿದ್ದಾರೆ. ಆ ಜಾಗ ತುಂಬಿದ ದಾಖಲೆ ನಂತರದ ಯಾವ ಮಿನಿಟ್ಸ್‌ನಲ್ಲೂ ಇಲ್ಲ. ನಾವೂ ಕೇಳಿಲ್ಲ.

ಉತ್ತರ ತಡವಾದರೆ ಮಾಲಿಗೇನು ಎಂದು ಕೇಳಬಹುದು. ಥ್ರೆಡ್ ಪ್ರಕರಣದ ಕಾಗದಗಳನ್ನು ನೋಡಿ. 2024ರ ಮಾರ್ಚ್‌ನಲ್ಲಿ ಮೊದಲ ಎನ್‌ಸಿಆರ್ ಹೋಯಿತು. ಗೋ-ನೋಗೋ ಗೇಜಿನಿಂದ ಪ್ರತಿ ಪೀಸನ್ನೂ ನೋಡುವ ತಾತ್ಕಾಲಿಕ ತಡೆ ಶುರುವಾದದ್ದು 19 ದಿನದ ಮೇಲೆ. ಅಷ್ಟರಲ್ಲಿ ಇನ್ನೂ ಮೂರು ಲಾಟು ಇಲ್ಲಿಗೆ ಬಂದಿದ್ದವು. ವರ್ಷದ 31 ಥ್ರೆಡ್ ರಿಜೆಕ್ಷನ್‌ಗಳಲ್ಲಿ 14 ಆ ಮೂರು ಲಾಟಿನವೇ. 8ಡಿ ಜೂನ್‌ನಲ್ಲಿ ಮುಗಿಯಿತು, ಕಾರಣ "ಆಪರೇಟರ್ ನಿರ್ಲಕ್ಷ್ಯ", ಪರಿಹಾರ "ತರಬೇತಿ". ಟ್ಯಾಪ್ ಎಷ್ಟು ಪೀಸಿಗೊಮ್ಮೆ ಬದಲಿಸುತ್ತಾರೆ ಎಂಬ ಮಾತೇ ಅದರಲ್ಲಿಲ್ಲ. ಆಗಸ್ಟ್‌ನಲ್ಲಿ ಅದೇ ದೋಷ ಮರಳಿತು. ಆ ವರದಿಯನ್ನು ಒಪ್ಪಿ ಸಹಿ ಹಾಕಿದ್ದು ನಮ್ಮದೇ ವಿಭಾಗ, ಅದನ್ನೂ ದಾಖಲಿಸುತ್ತಿದ್ದೇನೆ.

ಇದು ಒಂದೇ ಪ್ರಕರಣ ಅಲ್ಲ. ಈಗಾಗಲೇ ಮುಚ್ಚಿದ ಕಾರಣವೇ ಮತ್ತೆ ಬಂದ ಎನ್‌ಸಿಆರ್‌ಗಳು 2020ರಲ್ಲಿ 31ಕ್ಕೆ 3, 2024ರಲ್ಲಿ 26ಕ್ಕೆ 9. ದೂರುಗಳ ಸಂಖ್ಯೆ ಇಳಿದಿದೆ, ಮರುಕಳಿಸುವವು ಮೂರು ಪಟ್ಟಾಗಿವೆ.

ಸ್ಪಂದನೆ ಟ್ರೆಂಡ್: ಸತತ ಕುಸಿತ. ಕಾರ್ಡಿನ 80 ಅಂಕವನ್ನು ಈ ವಿಷಯದಲ್ಲಿ ಪಕ್ಕಕ್ಕಿಡಿ.

ನವೀಕರಣಕ್ಕೆ ನಮ್ಮ ಶಿಫಾರಸು

ವೆಂಡರನ್ನು ಬದಲಿಸುವ ಮಾತು ಬೇಡ. ಪೊರಾಸಿಟಿ ಸರಿಪಡಿಸಿದ ರೀತಿ ನೋಡಿದರೆ, ಮನಸ್ಸು ಕೊಟ್ಟರೆ ಇವರಿಗೆ ಕೆಲಸ ಗೊತ್ತಿದೆ. ಮೂರು ವರ್ಷದ ಬದಲು ಒಂದು ವರ್ಷಕ್ಕೆ ನವೀಕರಿಸೋಣ. ಉಳಿದ ಎರಡು ವರ್ಷಕ್ಕೆ ಷರತ್ತು ಎರಡೇ ಇರಲಿ: ಸತತ ಎರಡು ತ್ರೈಮಾಸಿಕ 24 ಗಂಟೆಯ ಉತ್ತರ 85 ಶೇಕಡಾ ದಾಟಬೇಕು, ಮತ್ತು 8ಡಿ ಮೀಡಿಯನ್ 25 ದಿನದೊಳಗೆ ಬರಬೇಕು. ಡೆಸ್ಕಿಗೆ ಎರಡನೇ ವ್ಯಕ್ತಿ ಯಾವಾಗ ಬರುತ್ತಾರೆ ಎಂಬುದನ್ನು ದಿನಾಂಕದ ಸಮೇತ ಬರೆಸಿಕೊಳ್ಳಬೇಕು.

ಥ್ರೆಡ್ ಇರುವ ಎರಡು ಹೌಸಿಂಗ್‌ಗಳನ್ನು ಈ ವಾರದಿಂದಲೇ ಸ್ಕಿಪ್ ಲಾಟ್‌ನಿಂದ ಹೊರಗೆ ತೆಗೆಯುತ್ತೇವೆ. ಇನ್‌ವರ್ಡ್‌ಗೆ ಕೆಲಸ ಜಾಸ್ತಿಯಾಗುತ್ತದೆ, ಅವರ ಜೊತೆ ಮಾತಾಡಿದ್ದೇನೆ. ಉಳಿದ ಭಾಗಗಳು ಹಾಗೇ ಇರಲಿ.

ಮುಂದಿನ ತ್ರೈಮಾಸಿಕದ ಕಾರ್ಡಿನಿಂದ ಡೆಲಿವರಿಯನ್ನು ಪಿಒ ದಿನಾಂಕಕ್ಕೇ ಅಳೆಯೋಣ, ಲೀಡ್ ಟೈಮ್ ಒಳಗೆ ನಾವು ಎಳೆದ ಲೈನುಗಳನ್ನು ಗುರುತು ಹಾಕಿ ಬಿಡೋಣ. ಕ್ವಾಲಿಟಿಗೆ ಲೈನ್ ರಿಜೆಕ್ಷನ್ ಸೇರಲಿ. ಸ್ಪಂದನೆಯ ಅಂಕವನ್ನು ಎನ್‌ಸಿಆರ್ ರಿಜಿಸ್ಟರಿನ ದಿನಾಂಕಗಳಿಂದ ಲೆಕ್ಕ ಹಾಕಬೇಕು. ಬೈಯರ್ ಅಭಿಪ್ರಾಯ ಷರಾ ಕಾಲಂನಲ್ಲಿ ಇದ್ದರೆ ಸಾಕು. ಈ ಬದಲಾವಣೆಯಿಂದ ಒಟ್ಟು ಅಂಕ ಒಮ್ಮೆಲೇ ಬೀಳುತ್ತದೆ. ಕಾರ್ಡ್ ಕಳಿಸುವ ಮೊದಲೇ ವೆಂಡರ್‌ಗೆ ಫೋನ್ ಮಾಡಿ ಕಾರಣ ತಿಳಿಸುವ ಕೆಲಸ ಖರೀದಿ ವಿಭಾಗದ್ದು.